ಬೀಳುವಿಕೆ ತಡೆ ಆಡಿಟ್: 250 ಪದಗಳ ಪೋಸ್ಟರ್ ಅಬ್‌ಸ್ಟ್ರಾಕ್ಟಿನಲ್ಲಿ ಏನಿಡಬೇಕು, ಏನು ಬಿಡಬೇಕು?

ಪ್ರಶ್ನೆ (ಸ್ಟಾಫ್ ನರ್ಸ್, ಮೆಡಿಕಲ್ ವಾರ್ಡ್, ಮಂಗಳೂರು): ರೋಗಿಗಳು ಬೀಳದ ಹಾಗೆ ತೆಗೆದುಕೊಳ್ಳುವ ಕ್ರಮಗಳ ಆಡಿಟ್ ಮಾಡಿದ್ದೇವೆ. ಏಪ್ರಿಲ್‌ನಲ್ಲಿ 30 ರೋಗಿಗಳು, ತರಬೇತಿ ಆದ ಮೇಲೆ ಜುಲೈಯಲ್ಲಿ ಬೇರೆ 30. ಅಬ್‌ಸ್ಟ್ರಾಕ್ಟ್ 250 ಪದ ದಾಟಬಾರದು, ನನ್ನದು 430 ಆಗಿದೆ. ಬಿದ್ದ ಘಟನೆ 4ರಿಂದ 2ಕ್ಕೆ ಇಳಿದಿದೆ. ಅದನ್ನೇ “50% ಇಳಿಕೆ” ಎಂದು ಮೊದಲು ಹಾಕಿದ್ದೇನೆ. ಏನು ತೆಗೆಯಲಿ?

ಕ್ವಾಲಿಟಿ ವಿಭಾಗದ ನರ್ಸ್, ಉಡುಪಿ: ಸಿಸ್ಟರ್, ಮೊದಲು ತೆಗೆಯಬೇಕಾದ್ದು ಆ 50%. ಜುಲೈಯಲ್ಲಿ ಇನ್ನೊಬ್ಬರು ಬಿದ್ದಿದ್ದರೆ ಅದು 25% ಆಗುತ್ತಿತ್ತು. ಒಬ್ಬ ರೋಗಿ ಜಾರಿದ್ದಕ್ಕೆ ಅರ್ಧಕ್ಕೆ ಇಳಿಯುವ ಅಂಕಿಯನ್ನು ತಲೆಬರಹದಲ್ಲಿ ಇಡಬೇಡಿ. ನೀವು ಅಳೆದದ್ದು ಕ್ರಮಗಳು ಪಾಲನೆ ಆಗುತ್ತವೆಯೇ ಎಂಬುದನ್ನು. ಫಲಿತಾಂಶವೂ ಅದೇ ಆಗಿರಲಿ. ಬಿದ್ದ ಘಟನೆಗೆ ಕೊನೆಯಲ್ಲಿ ಒಂದೇ ವಾಕ್ಯ ಸಾಕು, ಅದೂ 1000 ಬೆಡ್ ಡೇಗಳಿಗೆ ಎಷ್ಟು ಎಂಬ ಲೆಕ್ಕದಲ್ಲಿ. ದಿನವೂ ರಾತ್ರಿ 12ಕ್ಕೆ ಬರೆಯುವ ಸೆನ್ಸಸ್ ಕೂಡಿಸಿದರೆ ತಿಂಗಳ ಬೆಡ್ ಡೇ ಸಿಗುತ್ತದೆ. ಏಪ್ರಿಲ್‌ನಲ್ಲಿ 800, ಜುಲೈಯಲ್ಲಿ 820 ಬಂತು ಅಂತ ಇಟ್ಟುಕೊಳ್ಳಿ: 5.0 ಮತ್ತು 2.4. ಪಕ್ಕದಲ್ಲೇ “ಸಂಖ್ಯೆ ಚಿಕ್ಕದು, ಇಳಿಕೆಗೆ ಆಡಿಟ್ಟೇ ಕಾರಣ ಎನ್ನಲಾಗದು” ಎಂದು ಬರೆಯಿರಿ.

ಪದ ಉಳಿಸುವ ಜಾಗ ಹಿನ್ನೆಲೆ. “ಬೀಳುವುದು ಜಗತ್ತಿನಾದ್ಯಂತ ದೊಡ್ಡ ಸಮಸ್ಯೆ” ಎಂಬಂಥ ನಾಲ್ಕು ಸಾಲು ಇದ್ದರೆ ಎಲ್ಲವನ್ನೂ ತೆಗೆಯಿರಿ. ಆ ವಾರ್ಡಿನಲ್ಲಿ ಯಾವ ಕೊರತೆ ಕಂಡು ಆಡಿಟ್ ಹಿಡಿದಿರಿ ಎಂಬುದಕ್ಕೆ 30, 35 ಪದ ಸಾಕು. ವಿಧಾನಕ್ಕೆ 70 ಇರಲಿ: ಎಷ್ಟು ರೋಗಿ, ಯಾವ ತಿಂಗಳು, ಮಾನದಂಡಗಳನ್ನು ಯಾವ ಮಾರ್ಗಸೂಚಿಯಿಂದ ತೆಗೆದಿರಿ, ಮಾಹಿತಿ ಕೇಸ್ ಶೀಟಿನದೋ ಹಾಸಿಗೆಯ ಪಕ್ಕ ನಿಂತು ನೋಡಿದ್ದೋ. ಫಲಿತಾಂಶಕ್ಕೆ 90, ಮುಂದೇನು ಎಂಬುದಕ್ಕೆ 40. ಉಳಿದದ್ದು ಕೈಯಲ್ಲಿರಲಿ, ತಿದ್ದುವಾಗ ಬೇಕಾಗುತ್ತದೆ.

ನರ್ಸಿಂಗ್ ಕಾಲೇಜಿನ ಉಪನ್ಯಾಸಕರು, ಮಂಗಳೂರು: ಪಿ ವ್ಯಾಲ್ಯೂ ಇಲ್ಲದ ಅಬ್‌ಸ್ಟ್ರಾಕ್ಟ್ ಆಯ್ಕೆಯಾಗುವುದು ಕಷ್ಟ. ಕೈ ಸ್ಕ್ವೇರ್ ಮಾಡಿ ಹಾಕಿ. ಜೊತೆಗೆ ಬೀಳುವ ಅಪಾಯ ಅಳೆಯುವ ಮಾರ್ಸ್ ಸ್ಕೇಲ್ ಬಳಸಿದ್ದೇವೆ, 45 ಮೇಲೆ ಬಂದವರು ಹೈ ರಿಸ್ಕ್ ಎಂದು ಬರೆಯಿರಿ. ಸಾಕ್ಷ್ಯಾಧಾರಿತ ಎನ್ನಲು ಅಷ್ಟು ಸಾಕು.

ಕ್ವಾಲಿಟಿ ವಿಭಾಗದ ನರ್ಸ್, ಉಡುಪಿ: ಸರ್, ಏಪ್ರಿಲ್ ಮತ್ತು ಜುಲೈಯ ರೋಗಿಗಳು ಬೇರೆ ಬೇರೆ, ಹಾಗಾಗಿ ಪಾಲನೆಯ ಅಂಕಿಗೆ ಕೈ ಸ್ಕ್ವೇರ್ ಸರಿಯೇ. ಆದರೆ 4 ಮತ್ತು 2ಕ್ಕೆ ಅದನ್ನು ಹಚ್ಚಬಾರದು. ಆಡಿಟ್ ಎಂದು ಕಳಿಸುವಾಗ ಪಿ ವ್ಯಾಲ್ಯೂಗಿಂತ ಛೇದ ಕಾಣುವುದು ಮುಖ್ಯ. “57%” ಎಂದಷ್ಟೇ ಬರೆಯದೆ “17/30” ಎಂದು ಬರೆದರೆ ಓದುವವರಿಗೆ ಗಾತ್ರ ತಾನಾಗಿ ತಿಳಿಯುತ್ತದೆ.

ಮಾರ್ಸ್ ಸ್ಕೋರ್ ವಿಷಯದಲ್ಲಿ ಎಚ್ಚರ ಬೇಕು. ಒಳರೋಗಿ ಬೀಳುತ್ತಾರೋ ಇಲ್ಲವೋ ಎಂದು ಸ್ಕೋರ್ ಹಾಕಿ ಊಹಿಸುವ ಪಟ್ಟಿ ಬಳಸಬೇಡಿ, 65 ವರ್ಷ ತುಂಬಿದ ಎಲ್ಲ ಒಳರೋಗಿಗಳನ್ನೂ ಅಪಾಯದಲ್ಲಿದ್ದಾರೆ ಎಂದೇ ನೋಡಿ ಎಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2013ರಲ್ಲೇ ಹೇಳಿದೆ. ನೈಸ್ ಮಾರ್ಗಸೂಚಿ ಆಧಾರ ಎಂದು ಬರೆದು, ಕೆಳಗೆ ಸ್ಕೋರ್ ಹಾಕಿದ್ದನ್ನೇ ಸಾಧನೆಯಾಗಿ ತೋರಿಸಿದರೆ ಎರಡೂ ಹೊಂದುವುದಿಲ್ಲ.

ಉಪನ್ಯಾಸಕರು: ನಮ್ಮ ಆಸ್ಪತ್ರೆಗಳಲ್ಲಿ ಸ್ಕೋರ್ ಹಾಳೆ ಇಲ್ಲದೆ ಕೇಸ್ ಶೀಟೇ ಪೂರ್ಣವಾಗುವುದಿಲ್ಲ. ಅದನ್ನು ಬಿಡಿ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಕ್ವಾಲಿಟಿ ವಿಭಾಗದ ನರ್ಸ್: ಹಾಳೆ ಇರಲಿ. ಸ್ಕೋರ್ ಬಂದ ಮೇಲೆ ಏನು ಮಾಡಿದರು ಎಂಬುದು ಮಾನದಂಡವಾಗಲಿ ಎನ್ನುವುದಷ್ಟೇ ನನ್ನ ಮಾತು.

ಡಿಟಿಪಿ ಮಾಡುವವರು, ಮಣಿಪಾಲ: ಪೋಸ್ಟರ್ ಎ0 ಅಳತೆಯಲ್ಲಿ ಮಾಡಿಸಿ, 841 ಗುಣಿಸು 1189 ಮಿ.ಮೀ. ಫ್ಲೆಕ್ಸ್ ಬೇಡ, ಬೆಳಕು ಬಿದ್ದರೆ ಹೊಳೆದು ಓದಲಾಗದು, ಮ್ಯಾಟ್ ಕಾಗದ ಒಳ್ಳೆಯದು.

ಪ್ರಶ್ನೆ ಕೇಳಿದವರು: ಅಣ್ಣ, ಪೋಸ್ಟರ್ ಆಮೇಲೆ, ಈಗ ಅಬ್‌ಸ್ಟ್ರಾಕ್ಟ್ ಮಾತ್ರ. ನಮ್ಮ ಅಂಕಿ ಹೀಗಿದೆ: ಕರೆಗಂಟೆ ಕೈಗೆಟುಕುವುದು 17/30, ಆಮೇಲೆ 26/30. ಸ್ಥಿತಿ ಬದಲಾದಾಗ ಮರು ಅಸೆಸ್‌ಮೆಂಟ್ 6/30, ಆಮೇಲೆ 11/30. ರೋಗಿಗೆ ತಿಳಿವಳಿಕೆ ಕೊಟ್ಟದ್ದು 29/30, ಆಮೇಲೆ 30/30.

ಫಿಸಿಯೋಥೆರಪಿಸ್ಟ್, ಉಡುಪಿ: ಆ 29/30 ನನಗೆ ಅನುಮಾನ. ಅದು ಟೀಚಿಂಗ್ ರೆಕಾರ್ಡಿನ ಸಹಿ ನೋಡಿ ಬರೆದದ್ದಲ್ಲವೇ? ಅಡ್ಮಿಷನ್ ಗಡಿಬಿಡಿಯಲ್ಲಿ ಹತ್ತು ಕಾಗದಕ್ಕೆ ಒಟ್ಟಿಗೆ ಸಹಿ ಬಿದ್ದಿರುತ್ತದೆ. ಹಾಸಿಗೆಯ ಪಕ್ಕ ನಿಂತು “ರಾತ್ರಿ ಪಾಯಿಖಾನೆಗೆ ಹೋಗಬೇಕು ಅನಿಸಿದರೆ ಏನು ಮಾಡ್ತೀರಿ?” ಎಂದು ಕೇಳಿ. “ಗಂಟೆ ಒತ್ತಿ ಸಿಸ್ಟರ್ ಬರುವವರೆಗೆ ಕೂತಿರ್ತೇನೆ” ಎಂದರೆ ಮಾತ್ರ ಪಾಲನೆ. ಕರಪತ್ರ ಕನ್ನಡದಲ್ಲಿ, ರೋಗಿಯ ಮಾತು ತುಳು, ಬ್ಯಾರಿ ಅಥವಾ ಮಲಯಾಳಂ ಆದರೆ ಸಹಿಗೂ ಉತ್ತರಕ್ಕೂ ಸಂಬಂಧವೇ ಇರುವುದಿಲ್ಲ. ಕೇಳಿ ನೋಡಿರದಿದ್ದರೆ ಅದನ್ನು “ದಾಖಲಾತಿ” ಎಂದು ಬರೆಯಿರಿ, “ತಿಳಿವಳಿಕೆ” ಎಂದಲ್ಲ.

ಇನ್ನೊಂದು, ಏಪ್ರಿಲ್ ಒಣ ತಿಂಗಳು, ಜುಲೈ ಜಡಿಮಳೆ. ಕಾರಿಡಾರಿನಲ್ಲಿ ಕೊಡೆ ನೀರು, ಒದ್ದೆ ಚಪ್ಪಲಿ. ಎರಡು ತಿಂಗಳ ನೆಲವೇ ಬೇರೆ, ಮಿತಿಯ ವಾಕ್ಯದಲ್ಲಿ ಇದು ಬರಲೇಬೇಕು.

ಕ್ವಾಲಿಟಿ ವಿಭಾಗದ ನರ್ಸ್: ಇದು ಸರಿಯಾದ ಮಾತು. ಮರು ಅಸೆಸ್‌ಮೆಂಟಿನಲ್ಲೂ ತಪ್ಪಿದೆ ಸಿಸ್ಟರ್. ಎಲ್ಲ 30 ಮಂದಿಯ ಸ್ಥಿತಿ ಬದಲಾಗಿರಲಾರದು. ವಾರ್ಡ್ ಬದಲಾದವರು, ನಿದ್ದೆ ಮಾತ್ರೆ ಶುರುವಾದವರು, ಗೊಂದಲ ಶುರುವಾದವರು, ಇವರಷ್ಟೇ ಛೇದಕ್ಕೆ ಬರಬೇಕು. ಅಂಥವರು ಏಪ್ರಿಲ್‌ನಲ್ಲಿ 14, ಜುಲೈಯಲ್ಲಿ 15 ಇದ್ದರೆ 6/14 ಮತ್ತು 11/15, ಅಂದರೆ 43% ಮತ್ತು 73%. ನಿಮ್ಮ 20% ಮತ್ತು 37% ಆ ವಾರ್ಡಿಗೆ ಅನ್ಯಾಯ ಮಾಡುತ್ತಿತ್ತು.

“ತರಬೇತಿ ಕೊಟ್ಟೆವು” ಎಂಬುದರಿಂದ ಏನೂ ತಿಳಿಯುವುದಿಲ್ಲ. ಗಂಟೆ ಏಕೆ ಕೈಗೆ ಸಿಗುತ್ತಿರಲಿಲ್ಲ?

ಪ್ರಶ್ನೆ ಕೇಳಿದವರು: ಹಾಸಿಗೆ ಬದಲಿಸುವಾಗ ವೈರ್ ಸುತ್ತಿ ಗೋಡೆಯ ಕೊಕ್ಕೆಗೆ ಹಾಕುತ್ತಾರೆ, ಆಮೇಲೆ ಯಾರೂ ಇಳಿಸುವುದಿಲ್ಲ. ಹೌಸ್‌ಕೀಪಿಂಗ್‌ನವರಿಗೂ ಹೇಳಿ, ದಿಂಬಿನ ಕವರಿಗೆ ಕ್ಲಿಪ್ ಹಾಕಿಸಿದೆವು.

ಕ್ವಾಲಿಟಿ ವಿಭಾಗದ ನರ್ಸ್: ನಿಮ್ಮ ಅಬ್‌ಸ್ಟ್ರಾಕ್ಟಿನ ಜೀವ ಇದೇ! ತೊಡಕು, ಅದಕ್ಕೆ ಮಾಡಿದ ಉಪಾಯ, ಬಂದ ಅಂಕಿ, ಮೂರೂ ಒಂದೇ ಕಡೆ ಬರಲಿ. ಇಂಗ್ಲಿಷಿಗೆ ಮಾಡಿಕೊಳ್ಳುವಾಗ ಇಷ್ಟೇ ಬಿಗಿ ಇರಲಿ:

“ಹಾಸಿಗೆ ಬದಲಿಸಿದ ಮೇಲೆ ಕರೆಗಂಟೆಯ ವೈರ್ ಗೋಡೆಯಲ್ಲೇ ಉಳಿಯುತ್ತಿತ್ತು. ದಿಂಬಿಗೆ ಕ್ಲಿಪ್ ಹಾಕಿ, ಹೌಸ್‌ಕೀಪಿಂಗ್ ಸಿಬ್ಬಂದಿಯನ್ನು ಸೇರಿಸಿಕೊಂಡ ಮೇಲೆ ಗಂಟೆ ಕೈಗೆಟುಕುವ ಪ್ರಮಾಣ 17/30ರಿಂದ (57%) 26/30ಕ್ಕೆ (87%) ಏರಿತು. ಸ್ಥಿತಿ ಬದಲಾದವರ ಮರು ಅಸೆಸ್‌ಮೆಂಟ್ 6/14ರಿಂದ (43%) 11/15ಕ್ಕೆ (73%) ಏರಿತು. ತಿಳಿವಳಿಕೆಯ ದಾಖಲಾತಿ ಮೊದಲೇ 29/30 ಇತ್ತು. ರೋಗಿಗೆ ಅರ್ಥವಾಗಿದೆಯೇ ಎಂದು ಅಳೆದಿಲ್ಲ.”

14 ಮತ್ತು 15 ನಾನು ಊಹಿಸಿದ್ದು, ಕೇಸ್ ಶೀಟ್ ತೆರೆದು ಎಣಿಸಿಯೇ ಹಾಕಿ.

ಮಕ್ಕಳ ವಾರ್ಡ್ ನರ್ಸ್, ಮಂಗಳೂರು: ನಮ್ಮಲ್ಲಿ ಮಗು ಬೀಳುವುದು ಹೆಚ್ಚಾಗಿ ಬೈಸ್ಟ್ಯಾಂಡರ್ ತೊಟ್ಟಿಲ ಕಂಬಿ ಇಳಿಸಿಟ್ಟು ಹೋದಾಗ. ಈ ಮಾನದಂಡಗಳೇ ನಮಗೂ ಆಗುತ್ತವೆಯೇ?

ಫಿಸಿಯೋಥೆರಪಿಸ್ಟ್, ಉಡುಪಿ: ಆಗುವುದಿಲ್ಲ ಮೇಡಂ. ಮಾರ್ಸ್ ದೊಡ್ಡವರಿಗೆ ಮಾಡಿದ್ದು. ನಿಮ್ಮ ಮೊದಲ ಮಾನದಂಡ ಆ ಕಂಬಿಯೇ ಆಗಲಿ: ಹೋಗಿ ನೋಡಿದ ಹೊತ್ತಿಗೆ ಎರಡೂ ಬದಿ ಮೇಲಿದ್ದ ತೊಟ್ಟಿಲುಗಳೆಷ್ಟು, ಮಗು ಇದ್ದ ತೊಟ್ಟಿಲುಗಳೆಷ್ಟು. ಊಟದ ಹೊತ್ತಿಗೂ ರಾತ್ರಿಯೂ ಬೇರೆ ಬೇರೆಯಾಗಿ ಎಣಿಸಿ.