ಒತ್ತಿದ ಆಯ್ಕೆಗೆ ಅದರದೇ ಉತ್ತರ: ಪವರ್‌ಪಾಯಿಂಟ್ ಕ್ವಿಜ್‌ನಲ್ಲಿ ಟ್ರಿಗರ್ ಹಾಕುವುದು ಹೇಗೆ?

ಪ್ರಶ್ನೆ, ಹಾವೇರಿಯ ಶಿಕ್ಷಕಿ: ಏಳನೇ ತರಗತಿಗೆ ನದಿಗಳ ಕ್ವಿಜ್ ಮಾಡುತ್ತಿದ್ದೇನೆ. ನಾಲ್ಕು ಆಯ್ಕೆಗೂ ನಾಲ್ಕು ಉತ್ತರ ಬರೆದು ಅನಿಮೇಷನ್ ಕೊಟ್ಟೆ. ಮಕ್ಕಳು ಯಾವುದನ್ನು ಒತ್ತಿದರೂ ನಾನು ಜೋಡಿಸಿದ ಸಾಲಿನಲ್ಲೇ ಬರುತ್ತವೆ. ಕೆಲವು ಸಲ ಮುಂದಿನ ಸ್ಲೈಡ್‌ಗೇ ಹಾರಿಬಿಡುತ್ತದೆ. ಏನು ಮಾಡಲಿ?

ಕಂಪ್ಯೂಟರ್ ಶಿಕ್ಷಕ, ಧಾರವಾಡ: ಅನಿಮೇಷನ್ ಗೊಡವೆಯೇ ಬೇಡ ಮೇಡಂ. ಪ್ರತಿ ಆಯ್ಕೆಗೂ ಹೈಪರ್‌ಲಿಂಕ್ ಕೊಟ್ಟು ಬೇರೆ ಸ್ಲೈಡ್‌ಗೆ ಕಳಿಸಿ, ಅಲ್ಲಿ ಸರಿ ಅಥವಾ ತಪ್ಪು ಅಂತ ಬರೆಯಿರಿ. ನಾನು ಹಾಗೇ ಮಾಡೋದು.

ತರಬೇತುದಾರ, ಮೈಸೂರು: ಸರ್ ಹೇಳಿದ್ದೂ ನಡೆಯುತ್ತದೆ. ಆದರೆ ಹತ್ತು ಪ್ರಶ್ನೆ, ತಲಾ ನಾಲ್ಕು ಆಯ್ಕೆ ಅಂದರೆ ಪ್ರಶ್ನೆಯ ಸ್ಲೈಡೂ ಸೇರಿ 50 ಸ್ಲೈಡ್ ಆಗುತ್ತದೆ. ಆಮೇಲೆ ಒಂದು ಅಕ್ಷರ ತಿದ್ದುವುದಕ್ಕೂ ಹುಡುಕಾಟ. ಒಂದೇ ಸ್ಲೈಡಿನಲ್ಲಿ ಮುಗಿಯಬೇಕಾದರೆ ಟ್ರಿಗರ್ ಬೇಕು, ಅಂದರೆ ಇಂಥದ್ದನ್ನು ಒತ್ತಿದಾಗ ಮಾತ್ರ ಈ ಅನಿಮೇಷನ್ ನಡೆಯಲಿ ಅಂತ ಕಟ್ಟಿಡುವುದು.

ಮೇಡಂ, ನಿಮ್ಮ ಪ್ರಶ್ನೆ "ಕೃಷ್ಣಾ ನದಿ ಎಲ್ಲಿ ಹುಟ್ಟುತ್ತದೆ?" ಅಂತಿರಲಿ. ಆಯ್ಕೆಗಳು ತಲಕಾವೇರಿ, ಮಹಾಬಲೇಶ್ವರ, ತ್ರ್ಯಂಬಕೇಶ್ವರ, ಅಮರಕಂಟಕ. ತಪ್ಪು ಒತ್ತಿದವರಿಗೆ ಬರೀ ಕೆಂಪು ಗುರುತು ತೋರಿಸಬೇಡಿ. ತಲಕಾವೇರಿ ಒತ್ತಿದರೆ "ಇದು ಕಾವೇರಿಯ ಉಗಮ", ತ್ರ್ಯಂಬಕೇಶ್ವರಕ್ಕೆ "ಇದು ಗೋದಾವರಿಯದು", ಅಮರಕಂಟಕಕ್ಕೆ "ಇದು ನರ್ಮದೆಯದು" ಅಂತ ಬರಲಿ. ತಪ್ಪು ಉತ್ತರದಿಂದಲೂ ಒಂದು ನದಿ ಗೊತ್ತಾಗುತ್ತದೆ.

ಮೊದಲು `Alt+F10` ಒತ್ತಿ. ಬಲಗಡೆ Selection Pane ತೆರೆದು, `Rectangle 5`, `TextBox 9` ಅಂತ ಪಟ್ಟಿ ಕಾಣುತ್ತದೆ. ಅದರಲ್ಲಿ ಎರಡೆರಡು ಸಲ ಒತ್ತಿ ಆಯ್ಕೆಗಳಿಗೆ `A1`, `A2`, `A3`, `A4`, ಉತ್ತರಗಳಿಗೆ `U1`, `U2`, `U3`, `U4` ಅಂತ ಹೆಸರಿಡಿ. ಇದನ್ನು ಬಿಟ್ಟರೆ ಆಮೇಲೆ ಯಾವ Rectangle ಯಾವುದು ಅಂತ ತಲೆಕೆಡುತ್ತದೆ.

ಈಗ `U1` ಆರಿಸಿ Animations ಟ್ಯಾಬಿನಲ್ಲಿ Appear ಕೊಡಿ. ಅದನ್ನು ಆರಿಸಿಕೊಂಡೇ Trigger, On Click of ಗೆ ಹೋಗಿ `A1` ಹಿಡಿಯಿರಿ. ಉಳಿದ ಮೂರಕ್ಕೂ ಹೀಗೇ. ಬಹಳ ಜನ ಎಡವುವುದು ಇಲ್ಲೇ: ಒತ್ತಬೇಕಾದ ಆಯ್ಕೆಗೇ ಅನಿಮೇಷನ್ ಕೊಟ್ಟುಬಿಡುತ್ತಾರೆ. ಶೋ ಶುರುವಾದಾಗ ಆಯ್ಕೆಯೇ ಕಾಣದಿದ್ದರೆ ಹಾಗಾಗಿದೆ ಅಂತಲೇ ಲೆಕ್ಕ. ಅನಿಮೇಷನ್ ಯಾವಾಗಲೂ ಉತ್ತರಕ್ಕೆ. ಆಯ್ಕೆ ಬರೀ ಗುಂಡಿ.

ಮುಂದಿನ ಸ್ಲೈಡ್‌ಗೆ ಹಾರುವುದೇಕೆ ಅಂದರೆ, ಮಗು ಆಯ್ಕೆಯ ಪಕ್ಕದ ಖಾಲಿ ಜಾಗ ಒತ್ತಿರುತ್ತದೆ. Transitions ಟ್ಯಾಬಿನಲ್ಲಿ On Mouse Click ಗುರುತು ತೆಗೆಯಿರಿ. ಇನ್ನು ಮುಂದೆ ಹೋಗುವುದು ಬಾಣದ ಕೀಲಿಯಿಂದ, ಇಲ್ಲವೇ ಮೂಲೆಯಲ್ಲೊಂದು "ಮುಂದೆ" ಗುಂಡಿ ಇಟ್ಟು ಅದಕ್ಕೆ ಹೈಪರ್‌ಲಿಂಕ್ ಕೊಡಿ. ಹೈಪರ್‌ಲಿಂಕ್‌ಗೆ ಸರಿಯಾದ ಜಾಗ ಅದು.

ಪ್ರೌಢಶಾಲೆ ಶಿಕ್ಷಕಿ, ಶಿರಸಿ: ನಾನು ಇದನ್ನೇ ಗೂಗಲ್ ಸ್ಲೈಡ್ಸ್‌ಗೆ ಹಾಕಿದೆ, ಮಕ್ಕಳು ಮನೆಯಲ್ಲಿ ಮೊಬೈಲಿನಲ್ಲಿ ಆಡಲಿ ಅಂತ. ಟ್ರಿಗರ್ ಹೋಗಿಯೇಬಿಟ್ಟಿದೆ!

ತರಬೇತುದಾರ, ಮೈಸೂರು: ಗೂಗಲ್ ಸ್ಲೈಡ್ಸ್‌ನಲ್ಲಿ ಟ್ರಿಗರ್ ಇಲ್ಲ ಮೇಡಂ. ಅಲ್ಲಿಗೆ ಧಾರವಾಡದ ಸರ್ ಹೇಳಿದ ಹೈಪರ್‌ಲಿಂಕ್ ದಾರಿಯೇ ಗತಿ.

ಕಂಪ್ಯೂಟರ್ ಶಿಕ್ಷಕ, ಧಾರವಾಡ: ನೋಡಿ, ನನ್ನ 50 ಸ್ಲೈಡಿಗೂ ಬೆಲೆ ಬಂತು 😄

ಪ್ರಶ್ನೆ ಕೇಳಿದವರು: ಸರ್, ಮಹಾಬಲೇಶ್ವರ ಸರಿಯಾಗಿ ಬಂತು. ತ್ರ್ಯಂಬಕೇಶ್ವರ ಮಾತ್ರ ಕೆಲವು ಸಲ ಕೆಲಸ ಮಾಡುತ್ತದೆ, ಕೆಲವು ಸಲ ಇಲ್ಲ. ಮಹಾಬಲೇಶ್ವರಕ್ಕೆ ಹಸಿರು ಟಿಕ್ ಸೇರಿಸಿದೆ, ಅದಕ್ಕೆ ಎರಡು ಸಲ ಒತ್ತಬೇಕಾಗುತ್ತಿದೆ.

ತರಬೇತುದಾರ, ಮೈಸೂರು: ಶೋ ನಡೆಯುವಾಗ ತ್ರ್ಯಂಬಕೇಶ್ವರದ ಮೇಲೆ ಮೌಸ್ ನಿಧಾನಕ್ಕೆ ಆಡಿಸಿ. ಟ್ರಿಗರ್ ಹಿಡಿಯುವ ಜಾಗದಲ್ಲಿ ಬಾಣ ಹೋಗಿ ಕೈ ಚಿಹ್ನೆ ಬರುತ್ತದೆ. ಅಕ್ಷರಗಳ ಮೇಲಷ್ಟೇ ಕೈ ಬಂದರೆ ಆ ಪೆಟ್ಟಿಗೆಗೆ No fill ಇದೆ ಅಂತ ಅರ್ಥ. ಯಾವುದಾದರೂ ಬಣ್ಣ ತುಂಬಿ, ಬಣ್ಣ ಬೇಡವಾದರೆ Transparency 100% ಮಾಡಿ. ಆಗ ಪೆಟ್ಟಿಗೆ ಪೂರ್ತಿ ಒತ್ತಲು ಸಿಗುತ್ತದೆ. ಅರ್ಧ ಪೆಟ್ಟಿಗೆಗೆ ಮಾತ್ರ ಕೈ ಬಂದರೆ, ಮೇಲೆ ಬೇರೆ ಚಿತ್ರವೋ ಪೆಟ್ಟಿಗೆಯೋ ಕೂತಿರಬೇಕು.

ಟಿಕ್‌ಗೆ: Animation Pane ತೆರೆದರೆ `Trigger: A2` ಕೆಳಗೆ `U2`, ಅದರ ಕೆಳಗೆ ಟಿಕ್ ಇರುತ್ತದೆ. ಟಿಕ್ಕಿನ Start ಅನ್ನು On Click ಬದಲು With Previous ಮಾಡಿ. ಎರಡನ್ನೂ ಗ್ರೂಪ್ ಮಾಡಲು ಮಾತ್ರ ಹೋಗಬೇಡಿ, ಕೊಟ್ಟ ಅನಿಮೇಷನ್ ಅಳಿಸಿಹೋಗುತ್ತದೆ. ಉಳಿದ ಪ್ರಶ್ನೆಗಳಿಗೆ ಎಡಗಡೆಯ ಪಟ್ಟಿಯಲ್ಲಿ ಸ್ಲೈಡ್ ಆರಿಸಿ `Ctrl+D` ಒತ್ತಿ, ಇಡೀ ಸ್ಲೈಡನ್ನೇ ನಕಲು ಮಾಡಿ ಅಕ್ಷರ ಬದಲಿಸಿ. ಟ್ರಿಗರ್ ಜೊತೆಗೇ ಬರುತ್ತದೆ.

ನಿವೃತ್ತ ಮುಖ್ಯೋಪಾಧ್ಯಾಯರು: ಕೈಯಲ್ಲಿ ಹಿಡಿಯುವ ರಿಮೋಟಿನಿಂದ ಇದು ಆಗುವುದಿಲ್ಲವೇ? ನಾನು ಒತ್ತಿದರೆ ನೇರ ಮುಂದಿನ ಸ್ಲೈಡ್.

ತರಬೇತುದಾರ, ಮೈಸೂರು: ಇಲ್ಲ ಸರ್. ರಿಮೋಟಿನ ಗುಂಡಿ ಬಾಣದ ಕೀಲಿಯ ಕೆಲಸವನ್ನಷ್ಟೇ ಮಾಡುತ್ತದೆ, ಯಾವ ಆಯ್ಕೆ ಅಂತ ತೋರಿಸಲು ಅದಕ್ಕೆ ಆಗದು. ಮೌಸ್ ಬೇಕು, ಇಲ್ಲವೇ ಸ್ಮಾರ್ಟ್ ಬೋರ್ಡ್. ಬೋರ್ಡ್ ಮುಟ್ಟಿದಾಗ ಗೆರೆ ಮೂಡಿದರೆ ಪೆನ್ ಆನ್ ಆಗಿರುತ್ತದೆ. ಪವರ್‌ಪಾಯಿಂಟ್‌ನದೇ ಪೆನ್ ಆದರೆ `Ctrl+A` ಒತ್ತಿದರೆ ಬಾಣ ಮರಳುತ್ತದೆ.

ಪ್ರಶ್ನೆ ಕೇಳಿದವರು: ಟಿಕ್ ಒಂದೇ ಒತ್ತಿಗೆ ಬಂತು ಸರ್, No fill ಇದ್ದದ್ದೂ ನಿಜ. ಇನ್ನೊಂದು: ತರಗತಿಯ ಕಂಪ್ಯೂಟರಿನಲ್ಲಿ ಪವರ್‌ಪಾಯಿಂಟ್ ಇಲ್ಲ, ಲಿಬ್ರೆ ಆಫೀಸ್ ಇದೆ. ಅಲ್ಲಿ ನಡೆಯುತ್ತದೆಯೇ?

ತರಬೇತುದಾರ, ಮೈಸೂರು: ಲಿಬ್ರೆ ಆಫೀಸಿನಲ್ಲಿ ಸ್ಲೈಡ್ ಮಾಡುವ ಇಂಪ್ರೆಸ್‌ನಲ್ಲೂ ಟ್ರಿಗರ್ ಸೌಲಭ್ಯ ಇದೆ. ಆದರೆ ನಿಮ್ಮ ಫೈಲ್ ಅಲ್ಲಿ ತೆರೆದಾಗ ಎಲ್ಲವೂ ಹಾಗೇ ಉಳಿಯುತ್ತದೆ ಅಂತ ಭರವಸೆ ಕೊಡಲಾರೆ. ಒಂದು ಸ್ಲೈಡ್ ಮಾತ್ರ ಒಯ್ದು ನಾಲ್ಕು ಆಯ್ಕೆಯನ್ನೂ ಹಿಂದುಮುಂದಾಗಿ ಒತ್ತಿ ನೋಡಿ, ಏನಾಯಿತು ಅಂತ ಇಲ್ಲೇ ಬರೆಯಿರಿ.