ನಿದ್ದೆ ಬಾರದ ಪಿಯು ಮಗಳಿಗೆ ಯಾವ ಪುಸ್ತಕ ಕೊಡಲಿ?

ಪ್ರಶ್ನೆ (ಒಬ್ಬ ತಾಯಿ, ಹಾಸನ): ಮೇಡಂ, ಮಗಳು ಸೆಕೆಂಡ್ ಪಿಯು, ಸೈನ್ಸ್. ಪ್ರಿಪರೇಟರಿ ಪರೀಕ್ಷೆ ಹತ್ತಿರ ಬಂದಿದೆ. ಒಂಬತ್ತೂವರೆಗೆ ಮಲಗಿಸಿದರೂ ರಾತ್ರಿ ಒಂದೂವರೆವರೆಗೆ ಹೊರಳಾಡುತ್ತಾಳೆ. "ಕಣ್ಣು ಮುಚ್ಚಿದ್ರೆ ಫಿಸಿಕ್ಸ್ ಪೇಪರೇ ಕಾಣುತ್ತೆ ಅಮ್ಮ" ಅಂತಾಳೆ. ಉಸಿರು ಗಮನಿಸೋದು, ಮನಸ್ಸು ಶಾಂತ ಮಾಡಿಕೊಳ್ಳೋದು ಇಂಥದ್ದರ ಬಗ್ಗೆ ಸರಳವಾದ ಪುಸ್ತಕ ಇದ್ದರೆ ಹೇಳಿ. ಓದುತ್ತಾ ಓದುತ್ತಾ ನಿದ್ದೆ ಹೋಗಲಿ ಅಂತ.

ಆಪ್ತ ಸಮಾಲೋಚಕಿ: ಪುಸ್ತಕ ಹೇಳುತ್ತೇನೆ. ಮೊದಲು ಮೂರು ವಿಷಯ ತಿಳಿಸಿ. ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತಾಳೆ? ಕಾಲೇಜಿಂದ ಬಂದ ಮೇಲೆ ಮಲಗುತ್ತಾಳಾ? ಸಂಜೆ ಮೇಲೆ ಕಾಫಿ ಕುಡಿಯುತ್ತಾಳಾ?

ತಾಯಿ: ಐದಕ್ಕೆ ಏಳ್ತಾಳೆ, ಐದೂವರೆಗೆ ಟ್ಯೂಷನ್. ಭಾನುವಾರ ಒಂಬತ್ತಾದ್ರೂ ಏಳಲ್ಲ. ಕಾಲೇಜಿಂದ ಬಂದು ನಾಲ್ಕೂವರೆಯಿಂದ ಆರೂವರೆವರೆಗೆ ಮಲಗ್ತಾಳೆ. ಪಾಪ, ಸುಸ್ತಾಗಿರತ್ತಲ್ವಾ ಅಂತ ನಾನೂ ಎಬ್ಬಿಸಲ್ಲ. ಎದ್ದ ಮೇಲೆ ಒಂದು ಲೋಟ ಕಾಫಿ, ರಾತ್ರಿ ಊಟ ಆದ ಮೇಲೆ ಇನ್ನೊಂದು.

ಒಬ್ಬ ನಿವೃತ್ತ ಮೇಷ್ಟ್ರು: ಪುಸ್ತಕ ಯಾಕಮ್ಮ? ನಮ್ಮ ಕಾಲದಲ್ಲಿ ಎಂಟಕ್ಕೆ ಊಟ, ಒಂಬತ್ತಕ್ಕೆ ದೀಪ ಆರಿಸಿ ಮಲಗೋದು, ನಾಲ್ಕಕ್ಕೆ ಎದ್ದು ಓದೋದು. ಇನ್ನೂ ಬೇಗ ಮಲಗಿಸಿ. ಮೊಬೈಲ್ ಕಿತ್ತಿಡಿ. ಹತ್ತು ನಿಮಿಷ ಪ್ರಾಣಾಯಾಮ ಮಾಡಲಿ. ಎಲ್ಲ ಸರಿ ಹೋಗುತ್ತೆ.

ಆಪ್ತ ಸಮಾಲೋಚಕಿ: ಸರ್, ಮೊಬೈಲ್ ವಿಷಯ ಒಪ್ಪಿದೆ. ದಿನಾ ಒಂದೇ ಹೊತ್ತಿಗೆ ಏಳಬೇಕು ಅನ್ನೋದೂ ಸರಿ. ಆದರೆ ಈ ಹುಡುಗಿಯನ್ನು ಇನ್ನೂ ಬೇಗ ಮಲಗಿಸಿದರೆ ಉಲ್ಟಾ ಆಗುತ್ತೆ. ಹದಿನೇಳರ ವಯಸ್ಸಿನಲ್ಲಿ ದೇಹದ ಗಡಿಯಾರವೇ ಸ್ವಲ್ಪ ಹಿಂದೆ ಓಡುತ್ತದೆ. ಅದರ ಮೇಲೆ ಸಂಜೆ ಎರಡು ಗಂಟೆ ನಿದ್ದೆ ಆಗಿರುತ್ತದೆ. ಒಂಬತ್ತೂವರೆಗೆ ಅವಳಿಗೆ ನಿದ್ದೆಯ ಹಸಿವೇ ಇರುವುದಿಲ್ಲ. ನಾಲ್ಕು ಗಂಟೆ ಹಾಸಿಗೆಯಲ್ಲಿ ಎಚ್ಚರ ಇದ್ದರೆ "ಹಾಸಿಗೆ ಅಂದರೆ ಚಿಂತೆ ಮಾಡುವ ಜಾಗ" ಅಂತ ಮೈ ಕಲಿತುಬಿಡುತ್ತದೆ. ಅಡುಗೆಮನೆಗೆ ಕಾಲಿಟ್ಟ ಕೂಡಲೇ ಹಸಿವಾಗುತ್ತಲ್ಲ, ಹಾಗೆ.

ಈಗ ಪುಸ್ತಕ. ಇಂಥ ಮಕ್ಕಳಿಗೆ ನಾನು ಮೊದಲು ಹೇಳುವುದು ಕೊಲೀನ್ ಕಾರ್ನಿ ಬರೆದ 'ಗುಡ್‌ನೈಟ್ ಮೈಂಡ್ ಫಾರ್ ಟೀನ್ಸ್'. 2020ರದ್ದು, ತೆಳ್ಳಗಿದೆ. ಲೇಖಕಿ ಕೆನಡಾದ ಮನಶ್ಶಾಸ್ತ್ರಜ್ಞೆ, ನಿದ್ರಾಹೀನತೆಯ ಮೇಲೇ ಕೆಲಸ ಮಾಡಿದವರು. ಎರಡನೆಯದು ಜೀನಾ ಬೀಗಲ್ ಅವರ 'ದಿ ಸ್ಟ್ರೆಸ್ ರಿಡಕ್ಷನ್ ವರ್ಕ್‌ಬುಕ್ ಫಾರ್ ಟೀನ್ಸ್'. ಇದು ಸುಮ್ನೆ ಓದುವ ಪುಸ್ತಕ ಅಲ್ಲ, ಪೆನ್ನು ಹಿಡಿದು ತುಂಬಿಸುವಂಥದ್ದು. ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಶುರು ಮಾಡಿದ, ಉಸಿರು ಮೈ ಗಮನಿಸುತ್ತಾ ಒತ್ತಡ ಇಳಿಸಿಕೊಳ್ಳಲು ಕಲಿಸುವ ಎಂಟು ವಾರದ ಕೋರ್ಸನ್ನು ಬೀಗಲ್ ಹದಿಹರೆಯದವರಿಗೆ ಹೊಂದುವ ಹಾಗೆ ಬದಲಾಯಿಸಿದ್ದಾರೆ. ದೊಡ್ಡವರ ಕೋರ್ಸಿನಲ್ಲಿ 45 ನಿಮಿಷ ಮಲಗಿಕೊಂಡು ಪಾದದಿಂದ ತಲೆವರೆಗೆ ಮೈಯನ್ನು ಗಮನಿಸುವ ಅಭ್ಯಾಸ ಇದೆ. ಪಿಯು ಮಕ್ಕಳಿಗೆ ಹತ್ತು ನಿಮಿಷ ಸಾಕು.

ಆದರೆ ನಿಮ್ಮ ಕೊನೆಯ ಸಾಲಿಗೆ ನನ್ನ ತಕರಾರಿದೆ. ಈ ಪುಸ್ತಕಗಳನ್ನು ರಾತ್ರಿ ಹಾಸಿಗೆಯಲ್ಲಿ ಓದುವುದು ಬೇಡ. ಸಂಜೆ ಓದಲಿ, ಅಭ್ಯಾಸವೂ ಸಂಜೆಯೇ ಶುರುವಾಗಲಿ. ಉಸಿರು ಗಮನಿಸುವುದು ನಿದ್ದೆ ಮಾತ್ರೆ ಅಲ್ಲ. "ಇದನ್ನು ಮಾಡಿದರೆ ನಿದ್ದೆ ಬರಬೇಕು" ಅಂತ ಹಠ ಹಿಡಿದು ಮಾಡಿದರೆ, ಐದು ನಿಮಿಷಕ್ಕೊಮ್ಮೆ "ಬಂತಾ? ಇನ್ನೂ ಬಂದಿಲ್ವಾ?" ಅಂತ ಮನಸ್ಸು ನೋಡಿಕೊಳ್ಳುತ್ತಾ ಇರುತ್ತದೆ. ಹಾಗೆ ಕಾವಲು ಕೂತರೆ ನಿದ್ದೆ ಹತ್ತಿರ ಸುಳಿಯಲ್ಲ.

ಒಬ್ಬ ಗೃಹಿಣಿ: ಮೇಡಂ ನನಗೂ ಇದೇ ಕಥೆ. ನನಗೆ 51. ರಾತ್ರಿ ಮೂರಕ್ಕೆ ಮೈಯೆಲ್ಲ ಬೆವತು ಎಚ್ಚರ ಆಗುತ್ತೆ, ಮತ್ತೆ ನಿದ್ದೆ ಇಲ್ಲ. ನಾನೂ ಅದೇ ಪುಸ್ತಕ ತರಿಸಲಾ?

ಆಪ್ತ ಸಮಾಲೋಚಕಿ: ನಿಮ್ಮದು ಬೇರೆ ಅಕ್ಕ. ಆ ವಯಸ್ಸಿನಲ್ಲಿ ಬೆವರಿ ಎಚ್ಚರ ಆಗುತ್ತಿದ್ದರೆ ಮುಟ್ಟು ನಿಲ್ಲುವ ಸಮಯದ್ದು ಇರಬಹುದು, ಬೇರೆ ಕಾರಣವೂ ಇರಬಹುದು. ಮೊದಲು ಸ್ತ್ರೀರೋಗ ಡಾಕ್ಟರಿಗೆ ತೋರಿಸಿ. ಹದಿಹರೆಯದವರ ಪುಸ್ತಕ ನಿಮಗೆ ಆಗಿಬರಲ್ಲ.

ಒಬ್ಬ ವಿದ್ಯಾರ್ಥಿ (ನೀಟ್ ರಿಪೀಟರ್): ನಾನು ಒಂದು ಆ್ಯಪ್ ಹಾಕಿಕೊಂಡು ಉಸಿರು ಗಮನಿಸೋಕೆ ಹೋದೆ. ಎದೆ ಇನ್ನೂ ಬಿಗಿ ಆಯ್ತು. ಉಸಿರು ಸಾಲ್ತಿಲ್ಲ ಅನ್ನಿಸ್ತು. ಇದೆಲ್ಲ ನನಗೆ ವರ್ಕ್ ಆಗಲ್ಲ ಅಂತ ಬಿಟ್ಟೆ. ಪುಸ್ತಕ ಬರೆದವರಿಗೆ ಇದು ಗೊತ್ತಿರಲ್ವಾ?

ಆಪ್ತ ಸಮಾಲೋಚಕಿ: ಒಳ್ಳೆ ಪ್ರಶ್ನೆ ಕೇಳಿದಿ ಪುಟ್ಟ. ಗಾಬರಿ ಜಾಸ್ತಿ ಇರುವವರಿಗೆ ಉಸಿರಿನ ಮೇಲೆ ಗಮನ ಇಟ್ಟರೆ ಕೆಲವೊಮ್ಮೆ ಹೀಗಾಗುತ್ತದೆ. ಉಸಿರನ್ನು ನೋಡುವ ಬದಲು ಅದನ್ನು ಸರಿಮಾಡಲು ಹೋಗುತ್ತೇವೆ, ಅದಕ್ಕೆ. ಗಮನಕ್ಕೆ ಉಸಿರೇ ಆಗಬೇಕು ಅಂತ ನಿಯಮ ಇಲ್ಲ. ಕಣ್ಣು ಮುಚ್ಚಬೇಡ. ಅಂಗಾಲು ನೆಲಕ್ಕೆ ತಾಗುವುದನ್ನು ಗಮನಿಸು. ರೆಡ್ ಆಕ್ಸೈಡ್ ನೆಲವಾದರೆ ತಣ್ಣಗಿರುತ್ತಲ್ಲ, ಆ ತಂಪು ಹಿಮ್ಮಡಿಯಲ್ಲಿ ಜಾಸ್ತಿಯೋ ಬೆರಳಲ್ಲಿ ಜಾಸ್ತಿಯೋ ನೋಡು. ಇಲ್ಲ ಫ್ಯಾನಿನ ಸದ್ದು ಕೇಳಿಸಿಕೋ. ಎರಡು ನಿಮಿಷ ಸಾಕು. ಆಗಲೂ ಎದೆ ಬಿಗಿಯಾದರೆ ನಿಲ್ಲಿಸು, ಒಮ್ಮೆ ಡಾಕ್ಟರಿಗೂ ತೋರಿಸು.

ಮೇಷ್ಟ್ರು: ಹಾಗಾದರೆ ಶಾಲೆಯಲ್ಲೇ ಎಲ್ಲರಿಗೂ ಕಡ್ಡಾಯ ಮಾಡಬಹುದಲ್ಲ?

ಆಪ್ತ ಸಮಾಲೋಚಕಿ: ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳ ಮೇಲೆ ಇದನ್ನೇ ನೋಡಿದರು ಸರ್. 2022ರಲ್ಲಿ ಫಲಿತಾಂಶ ಬಂತು. ಎಲ್ಲರನ್ನೂ ಕೂರಿಸಿ ಕಲಿಸಿದ್ದರಿಂದ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಎಷ್ಟೋ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಲಿಲ್ಲ. ಅದಕ್ಕೇ ಆ ತಾಯಿಗೂ ಹೇಳುತ್ತೇನೆ, ಪುಸ್ತಕ ಮೇಜಿನ ಮೇಲಿಡಿ, "ಓದಿದ್ಯಾ?" ಅಂತ ದಿನಾ ಕೇಳಬೇಡಿ. ಅದೂ ಇನ್ನೊಂದು ಸಿಲಬಸ್ ಆಗಿಬಿಡುತ್ತೆ.

ತಾಯಿ: ಮೇಡಂ, ಹಾಗಾದ್ರೆ ದಿನ ಹೇಗಿರಬೇಕು? ಸ್ವಲ್ಪ ಬಿಡಿಸಿ ಹೇಳಿ.

ಆಪ್ತ ಸಮಾಲೋಚಕಿ: ಕಾಲೇಜಿಂದ ಬಂದ ಮೇಲೆ ಅಲಾರಂ ಇಟ್ಟು ಇಪ್ಪತ್ತು ನಿಮಿಷ ಮಾತ್ರ ಒರಗಲಿ. ಹಾಸಿಗೆಯಲ್ಲಲ್ಲ, ಕುರ್ಚಿಯಲ್ಲಿ. ಮೊದಲ ಮೂರ್ನಾಲ್ಕು ದಿನ ಸಿಡುಕುತ್ತಾಳೆ, ತಡೆದುಕೊಳ್ಳಿ. ಕಾಫಿ ಮಧ್ಯಾಹ್ನಕ್ಕೇ ಮುಗಿಯಲಿ. ಅದರ ಅರ್ಧ ಭಾಗ ಕರಗಲು ಸುಮಾರು ಐದು ಗಂಟೆ ಬೇಕು. ಊಟ ಆದ ಮೇಲೆ ಕುಡಿದದ್ದರಲ್ಲಿ ಅರ್ಧ ಮಧ್ಯರಾತ್ರಿ ಆದರೂ ಮೈಯಲ್ಲಿರುತ್ತೆ.

ಏಳು ಗಂಟೆಗೆ ಒಂದು ಹಾಳೆ, ಹದಿನೈದು ನಿಮಿಷ. ಕಾರ್ನಿಯವರ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು. ಹಾಳೆ ಮಧ್ಯೆ ಗೆರೆ ಎಳೆಯಬೇಕು. ಎಡಕ್ಕೆ ಚಿಂತೆ, ಬಲಕ್ಕೆ ಮುಂದಿನ ಒಂದೇ ಒಂದು ಹೆಜ್ಜೆ. "ಫಿಸಿಕ್ಸಲ್ಲಿ ಫೇಲ್ ಆಗ್ತೀನಿ" ಅಂತ ಬರೆದರೆ ಬಲಗಡೆ ಏನೂ ಹುಟ್ಟಲ್ಲ. "ರೇ ಆಪ್ಟಿಕ್ಸ್ ಡಿರೈವೇಷನ್ ಮರೆತುಹೋಗುತ್ತೆ" ಅಂತ ಬರೆದರೆ "ನಾಳೆ ಸಂಜೆ ಲೆನ್ಸ್ ಮೇಕರ್ ಸೂತ್ರ ಮಾತ್ರ ಎರಡು ಸಲ ನೋಡದೆ ಬರೆಯೋದು" ಅಂತ ಬರುತ್ತದೆ. ಕೆಲವಕ್ಕೆ ಹೆಜ್ಜೆಯೇ ಇರಲ್ಲ. ಅಲ್ಲಿ "ಇದು ನನ್ನ ಕೈಲಿಲ್ಲ" ಅಂತ ಬರೆದು ಹಾಳೆ ಮಡಚಿ ಬೇರೆ ರೂಮಿನಲ್ಲಿ ಇಡಲಿ. ರಾತ್ರಿ ಅದೇ ಚಿಂತೆ ಬಂದರೆ "ಬರೆದಾಗಿದೆ" ಅಂದುಕೊಳ್ಳಲಿ, ಅಷ್ಟೇ.

ಹತ್ತಕ್ಕೆ ಪುಸ್ತಕ ಮುಚ್ಚಲಿ. ಹಾಸಿಗೆಗೆ ಹೋಗುವುದು ನಿದ್ದೆ ತೂಗಿದ ಮೇಲೆಯೇ, ಸದ್ಯಕ್ಕೆ ಹನ್ನೊಂದು ಅಂತಿಟ್ಟುಕೊಳ್ಳಿ. ಅಂದಾಜು ಇಪ್ಪತ್ತು ನಿಮಿಷ ಆದರೂ ನಿದ್ದೆ ಬರದಿದ್ದರೆ ಎದ್ದು ಹಾಲ್‌ನಲ್ಲಿ ಮಂದ ಬೆಳಕಲ್ಲಿ ಕೂರಲಿ. ಗಡಿಯಾರವನ್ನು ಗೋಡೆ ಕಡೆ ತಿರುಗಿಸಿಡಿ. ತೂಕಡಿಕೆ ಬಂದಾಗ ವಾಪಸ್. ಬೇಗ ನಿದ್ದೆ ಹತ್ತಲು ಶುರುವಾದ ಮೇಲೆ ಹದಿನೈದು ಹದಿನೈದು ನಿಮಿಷದ ಹಾಗೆ ಇನ್ನೂ ಬೇಗ ಮಲಗಿಸುತ್ತಾ ಬನ್ನಿ. ಭಾನುವಾರ ಏಳುವುದು ಆರು ದಾಟುವುದು ಬೇಡ.

ಒಂದು ಮಾತು ಮುಚ್ಚಿಡಲ್ಲ. ಈ ವಯಸ್ಸಿಗೆ ಎಂಟು ಗಂಟೆ ನಿದ್ದೆಯಾದರೂ ಬೇಕು. ಹನ್ನೊಂದರಿಂದ ಐದು ಅಂದರೆ ಆರೇ ಗಂಟೆ. ಬೆಳಗಿನ ಟ್ಯೂಷನ್ ಇರುವವರೆಗೆ ಯಾವ ಪುಸ್ತಕವೂ ಆ ಎರಡು ಗಂಟೆಯನ್ನು ತಂದುಕೊಡಲ್ಲ.

ತಾಯಿ: ಟ್ಯೂಷನ್ ಬಿಡಿಸೋಕೆ ಅವರಪ್ಪ ಒಪ್ಪಲ್ಲ ಮೇಡಂ. ವರ್ಷದ ಫೀಸು ಕಟ್ಟಿಯಾಗಿದೆ.

ಒಬ್ಬ ಲೈಬ್ರೇರಿಯನ್: ಬೌದ್ಧ ಸನ್ಯಾಸಿ ತಿಕ್ ನ್ಯಾಟ್ ಹಾನ್ ಅವರ 'ದಿ ಮಿರಾಕಲ್ ಆಫ್ ಮೈಂಡ್‌ಫುಲ್‌ನೆಸ್' ಯಾರೂ ಹೇಳಲಿಲ್ಲವಲ್ಲ? ನನಗೆ ಅದೇ ಇಷ್ಟ. ವಿಯೆಟ್ನಾಂ ಯುದ್ಧದ ಮಧ್ಯೆ ಸೇವೆ ಮಾಡುತ್ತಿದ್ದವರಿಗೆ ಬರೆದ ದೊಡ್ಡ ಕಾಗದ ಅದು. ಅದರಲ್ಲಿ ಗೆಳೆಯನೊಬ್ಬ ಮುಂದಿನ ಯೋಜನೆ ಮಾತಾಡುತ್ತಾ ಕಿತ್ತಳೆ ತೊಳೆಗಳನ್ನು ಒಂದರ ಹಿಂದೊಂದು ಬಾಯಿಗೆ ಹಾಕಿಕೊಳ್ಳುತ್ತಾ ಇರುತ್ತಾನೆ. ತಿನ್ನುತ್ತಿರುವುದೇ ಅವನಿಗೆ ಗೊತ್ತಿರಲ್ಲ. ನಮ್ಮ ಮಗ ತಟ್ಟೆ ಪಕ್ಕ ನೋಟ್ಸ್ ಇಟ್ಟುಕೊಂಡು ಉಣ್ಣೋದು ನೆನಪಾಯಿತು.

ಆಪ್ತ ಸಮಾಲೋಚಕಿ: ಒಳ್ಳೆಯ ಪುಸ್ತಕ, ಓದುವ ರುಚಿ ಇರುವ ಮಗುವಿಗೆ ಖಂಡಿತ ಕೊಡಿ. ಆದರೆ ಅದು ನಿದ್ದೆಗಾಗಿ ಬರೆದದ್ದಲ್ಲ. ಪರೀಕ್ಷೆಗೆ ಆರು ವಾರ ಇದ್ದಾಗ ನಾನು ಅದರಿಂದ ಶುರು ಮಾಡಲ್ಲ.

ತಾಯಿಯವರೇ, ಇನ್ನೊಂದು ಮಾತು. ಮಗಳು ದಿನವಿಡೀ ಮಂಕಾಗಿದ್ದರೆ, ಊಟ ಬಿಟ್ಟರೆ, "ನಾನಿಲ್ಲದಿದ್ರೇ ಒಳ್ಳೇದು" ಅನ್ನುವಂಥ ಮಾತಾಡಿದರೆ ಪುಸ್ತಕಕ್ಕೆ ಕಾಯಬೇಡಿ. ಮೂರ್ನಾಲ್ಕು ಗಂಟೆ ಮಾತ್ರ ಮಲಗಿ, ಸುಸ್ತೇ ಇಲ್ಲದೆ ಅತಿ ಹುರುಪಿನಲ್ಲಿದ್ದರೂ ಅಷ್ಟೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮನೋವೈದ್ಯರಿಗೂ ತೋರಿಸಿ.

ತಾಯಿ (ಎರಡು ವಾರದ ನಂತರ): ಮೇಡಂ, ಪುಸ್ತಕ ಬಂತು. ಇಂಗ್ಲಿಷ್ ಓದೋಕೆ ಅವಳಿಗೆ ಕಷ್ಟ ಇಲ್ಲ. ಆದರೆ ಮೈ ಗಮನಿಸೋ ಆಡಿಯೋ ಇಂಟರ್ನೆಟ್ಟಲ್ಲಿ ಸಿಕ್ಕಿದ್ದು ಹಾಕಿದ್ರೆ "ಆ ಆ್ಯಕ್ಸೆಂಟ್ ಕೇಳಿದ್ರೆ ಲಿಸನಿಂಗ್ ಟೆಸ್ಟ್ ಥರ ಇದೆ" ಅಂದಳು. ನಾನೇ ಕನ್ನಡದಲ್ಲಿ ಬರೆದು ಫೋನಲ್ಲಿ ರೆಕಾರ್ಡ್ ಮಾಡಿದೆ. "ಬಲಗಾಲಿನ ಹೆಬ್ಬೆರಳು ಈಗ ಹೇಗಿದೆ ನೋಡು. ಬೆಚ್ಚಗಿದೆಯಾ, ತಣ್ಣಗಿದೆಯಾ? ಏನೂ ಗೊತ್ತಾಗದಿದ್ರೂ ಪರವಾಗಿಲ್ಲ. ಈಗ ಅಂಗಾಲಿಗೆ ಬಾ..." ಹೀಗೆ. ಕೇಳಿ ನಕ್ಕಳು. "ನಿನ್ನ ಧ್ವನಿ ಕೇಳಿದ್ರೆ ಓದು ಅಂತ ಬೈದ ಹಾಗಾಗುತ್ತೆ, ಅಜ್ಜಿ ಕೈಲಿ ಓದಿಸು" ಅಂದಳು. ಈಗ ಅಜ್ಜಿ ಧ್ವನಿಯಲ್ಲಿದೆ. ಮಂಡಿ ಬಂದಾಗ ಅಜ್ಜಿ "ನಂದಂತೂ ನೋಯ್ತಿದೆ" ಅಂತ ಸೇರಿಸಿದ್ದಾರೆ, ಅಳಿಸಬೇಡ ಅಂದಿದ್ದಾಳೆ.

ಸಂಜೆ ನಿದ್ದೆ ಅರ್ಧ ಗಂಟೆಗೆ ಇಳಿದಿದೆ. ಹನ್ನೊಂದಕ್ಕೆ ಮಲಗಿದ್ರೆ ಹನ್ನೊಂದೂವರೆ, ಹನ್ನೆರಡರೊಳಗೆ ನಿದ್ದೆ. ಮೊನ್ನೆ ಮ್ಯಾಥ್ಸ್ ಟೆಸ್ಟ್ ಹಿಂದಿನ ರಾತ್ರಿ ಮಾತ್ರ ಎರಡಾಯ್ತು.

ಆಪ್ತ ಸಮಾಲೋಚಕಿ: ಟೆಸ್ಟಿನ ಹಿಂದಿನ ರಾತ್ರಿ ಹಾಗಾಗುವುದು ಮಾಮೂಲು. ಮಾರನೇ ದಿನ ಸಂಜೆ ಹೆಚ್ಚು ಮಲಗಿ ಅದನ್ನು ತುಂಬಿಸಿಕೊಳ್ಳದಿದ್ದರೆ ಸಾಕು. ಟ್ಯೂಷನ್ ವಿಷಯ ಏನಾಯಿತು?

ತಾಯಿ: ಅವರಪ್ಪ ಇನ್ನೂ ಒಪ್ಪಿಲ್ಲ. ಸಂಜೆ ಬ್ಯಾಚಿಗೆ ಹಾಕೋಕೆ ಆಗುತ್ತಾ ಅಂತ ಸೋಮವಾರ ಕೇಳೋಕೆ ಹೋಗ್ತೀವಿ. ಅಜ್ಜಿಯನ್ನೂ ಕರ್ಕೊಂಡು.