ಪದಚರ್ಚೆ: ‘ಆಯ್ಕೆಯ ಹೊರೆ’ ಮತ್ತು ‘ನಿರ್ಧಾರದ ದಣಿವು’ ಒಂದೇನಾ?

ವೀಣಾ, ಸಿಂಧನೂರು

ಬೀಜ-ಗೊಬ್ಬರದ ಅಂಗಡಿಯವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಚಾಯ್ಸ್ ಓವರ್‌ಲೋಡ್, ಡಿಸಿಷನ್ ಫಟೀಗ್ ಎಂಬ ಎರಡು ಪದ ಬರುತ್ತವೆ. ಮೊದಲನೆಯದಕ್ಕೆ ‘ಆಯ್ಕೆಯ ಹೊರೆ’, ಎರಡನೆಯದಕ್ಕೆ ‘ನಿರ್ಧಾರದ ದಣಿವು’ ಎಂದು ಬರೆದೆ. ಓದಿದವರು ಎರಡೂ ಒಂದೇ ಅಲ್ಲೇನ್ರಿ ಅಂತಾರೆ. ಸಂದರ್ಭ ಇದು: ಮುಂಗಾರಿಗೆ ಮುಂಚೆ ರೈತ ಹತ್ತಿ ಬೀಜಕ್ಕೆ ಬಂದಿದ್ದಾನೆ, ಎದುರಿಗೆ 18 ತರದ ಪಾಕೀಟು ಇವೆ, ಏನೂ ತಗೊಳ್ಳದೆ ಹೋಗುತ್ತಾನೆ.

ಬಸವರಾಜ, ಬಳ್ಳಾರಿ

ಎರಡಕ್ಕೂ ‘ತಲೆಕೆಡುಕು’ ಅಂದರೆ ಮುಗೀತು. ಜಾಮ್ ಪ್ರಯೋಗ ಪ್ರಸಿದ್ಧವಾದದ್ದು: ಕ್ಯಾಲಿಫೋರ್ನಿಯಾದ ಒಂದು ಅಂಗಡಿಯಲ್ಲಿ 24 ಬಗೆ ಇಟ್ಟಾಗ ಮೇಜಿನ ಹತ್ತಿರ ನಿಂತವರಲ್ಲಿ 100ಕ್ಕೆ 3 ಮಂದಿ ಕೊಂಡರು, 6 ಬಗೆ ಇಟ್ಟಾಗ 30 ಮಂದಿ. ಬಗೆ ಹೆಚ್ಚಿದಷ್ಟೂ ಮನುಷ್ಯ ದಣಿಯುತ್ತಾನೆ, ತೃಪ್ತಿ ಕಡಿಮೆಯಾಗುತ್ತದೆ.

ಮೆಹಬೂಬ್, ಬಳ್ಳಾರಿ

ನಂದು ಜೀನ್ಸ್ ಅಂಗಡಿ. ಗಿರಾಕಿ 20 ಪ್ಯಾಂಟ್ ಕೆಳಗೆ ಇಳಿಸಿಸಿ ‘ಆಮ್ಯಾಲೆ ಬರ್ತೀನಿ’ ಅಂತಾನೆ. ರಿಯಾಯಿತಿ ಬೋರ್ಡ್ ಹಾಕಿದರೆ ನಿಲ್ತಾನೇನ್ರಿ?

ಸುಮಂಗಲಾ, ರಾಯಚೂರು

ಮೆಹಬೂಬ್ ಅವರೇ, ನಮ್ಮ ಪ್ರಶ್ನೆ ದರದ್ದಲ್ಲ, ಪದದ್ದು. ಆದರೆ ‘ಆಮ್ಯಾಲೆ ಬರ್ತೀನಿ’ ನಮಗೆ ಬೇಕಾದ ಮಾತೇ.

ಬಸವರಾಜ ಅವರು ಹೇಳಿದ ಅಂಕಿ ಸರಿ (ಅಯ್ಯಂಗಾರ್ ಮತ್ತು ಲೆಪ್ಪರ್, 2000). ಆದರೆ ಜಾಮ್ ಮೇಜು ತೋರಿಸಿದ್ದು ಕೊಂಡರೋ ಇಲ್ಲವೋ ಎಂಬುದನ್ನು ಮಾತ್ರ. ತೃಪ್ತಿಯ ಮಾತು ಅದೇ ಲೇಖನದ ಚಾಕಲೇಟ್ ಪ್ರಯೋಗದ್ದು. 30ರಲ್ಲಿ ಒಂದನ್ನು ಆರಿಸಿ ತಿಂದವರಿಗೆ 6ರಲ್ಲಿ ಆರಿಸಿದವರಷ್ಟು ಸಮಾಧಾನ ಇರಲಿಲ್ಲ. ಕೊನೆಗೆ ಹಣ ಬೇಕೋ ಚಾಕಲೇಟ್ ಡಬ್ಬಿ ಬೇಕೋ ಎಂದು ಕೇಳಿದಾಗ, 6ರ ಗುಂಪಿನಲ್ಲಿ 100ಕ್ಕೆ 48 ಮಂದಿ ಡಬ್ಬಿ ಆರಿಸಿದರು, 30ರ ಗುಂಪಿನಲ್ಲಿ 12 ಮಂದಿ. ಬಿಟ್ಟದ್ದು ಜಾಸ್ತಿ ಇದ್ದಷ್ಟೂ ‘ಅದೇ ಛಲೋ ಇತ್ತೇನೋ’ ಎಂಬ ಕೊರಗು ಜಾಸ್ತಿ.

ದಣಿವು ಬೇರೆ. ಹೊರೆ ಒಂದೇ ಹೊತ್ತಿಗೆ ಕಣ್ಣೆದುರು ಇರುವ ಬಗೆಗಳದ್ದು. ದಣಿವು ಒಂದರ ಹಿಂದೊಂದು ತೀರ್ಮಾನಿಸಿ ಬರುವಂಥದ್ದು. ವೀಣಾ ಅವರ ರೈತನನ್ನೇ ನೋಡಿ. ಬೆಳಿಗ್ಗೆ ಮೊದಲು ಇಲ್ಲಿಗೇ ಬಂದು 18 ಪಾಕೀಟಿನ ಮುಂದೆ ನಿಂತುಬಿಟ್ಟರೆ ಅದು ಹೊರೆ. ಅದಕ್ಕೆ ಮದ್ದು ಪಾಕೀಟು ಇಳಿಸುವ ಮೊದಲೇ ಪ್ರಶ್ನೆ ಕೇಳುವುದು: ಕಾಲುವೆ ನೀರೋ, ಮಳೆ ಆಧಾರವೋ? ಎಷ್ಟು ದಿನಕ್ಕೆ ಹೊಲ ಖಾಲಿ ಆಗಬೇಕು? ಹೋದ ವರ್ಷ ರಸ ಹೀರುವ ಹುಳದ ಕಾಟ ಇತ್ತೇ? ಪ್ರತಿ ಉತ್ತರಕ್ಕೂ ಕೆಲವನ್ನು ಪಕ್ಕಕ್ಕೆ ಸರಿಸಿದರೆ ಮೂರೋ ನಾಲ್ಕೋ ಉಳಿಯುತ್ತವೆ. ಮೂರೇ ಪಾಕೀಟು ಇದ್ದೂ, ಮುಂಜಾನೆಯಿಂದ ಸಾಲ, ಟ್ರ್ಯಾಕ್ಟರ್ ಬಾಡಿಗೆ, ಗೊಬ್ಬರ ಎಲ್ಲ ತೀರ್ಮಾನಿಸಿ ಸಂಜೆಗೆ ಬಂದು ‘ನೀವೇ ಯಾದರ ಕೊಡ್ರಿ’ ಅಂದರೆ ಅದು ದಣಿವು. ಅಲ್ಲಿ ಬಗೆ ಕಡಿಮೆ ಮಾಡಿ ಫಲವಿಲ್ಲ, ನಾಳೆ ಬೆಳಿಗ್ಗೆ ಬನ್ನಿ ಅನ್ನಬೇಕು.

ಹೊರೆಯೂ ಎಲ್ಲರಿಗೂ ಬೀಳುವುದಿಲ್ಲ. 2010ರಲ್ಲಿ 50 ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಬಂತು. ಬೇಕಾದ ಬೀಜದ ಹೆಸರು ಹೇಳಿಕೊಂಡೇ ಬರುವವನಿಗೆ 18 ಇದ್ದರೇನು, 80 ಇದ್ದರೇನು? ಏನು ಬೇಕೆಂಬುದೇ ಗೊತ್ತಿಲ್ಲದೆ, ಪಾಕೀಟುಗಳೂ ಹೆಚ್ಚುಕಡಿಮೆ ಒಂದೇ ಥರ ಕಂಡಾಗ ತೊಡಕು. ಹಾಗಾಗಿ ಕೈಪಿಡಿಯಲ್ಲಿ ‘ಬಗೆ ಹೆಚ್ಚಿದರೆ ಅತೃಪ್ತಿ’ ಎಂದು ಒಂದೇ ಏಟಿಗೆ ಬರೆಯಬೇಡಿ.

ಇನ್ನು ಪದ. ‘ಆಯ್ಕೆ’ಗೆ ಕನ್ನಡದಲ್ಲಿ ಮೂರು ಅರ್ಥ: ‘ಆಯ್ಕೆ ಸಮಿತಿ’ಯಲ್ಲಿ ಆರಿಸುವ ಕೆಲಸ, ‘ಅದು ನನ್ನ ಆಯ್ಕೆ’ಯಲ್ಲಿ ಆರಿಸಿದ ವಸ್ತು, ‘ನಾಲ್ಕು ಆಯ್ಕೆಗಳಿವೆ’ ಅನ್ನುವಾಗ ಆರಿಸಲು ಇರುವವು. ‘ಆಯ್ಕೆಯ ಹೊರೆ’ ಓದಿದವನಿಗೆ ಆರಿಸುವ ಕೆಲಸವೇ ಹೊರೆ ಅನಿಸುತ್ತದೆ, ಅಲ್ಲಿಗೆ ಅದು ದಣಿವಿನ ಮಗ್ಗುಲಿಗೇ ಬಂತು. ಗೊಂದಲ ಹುಟ್ಟಿದ್ದು ಅಲ್ಲೇ. ‘ಆಯ್ಕೆಗಳ ಹೊರೆ’ ಎಂದು ಬಹುವಚನ ಮಾಡಿ ನೋಡಿ.

ಬಸವರಾಜ, ಬಳ್ಳಾರಿ

ತೃಪ್ತಿಯ ಅಂಕಿ ಚಾಕಲೇಟಿನದ್ದು, ಒಪ್ಪಿದೆ. ಆದರೆ ದಣಿವಿಗೆ ಇಸ್ರೇಲಿನ ನ್ಯಾಯಾಧೀಶರ ಸಾಕ್ಷಿ ಇದೆಯಲ್ಲ: ವಿರಾಮದ ನಂತರ 100ಕ್ಕೆ 65ರಷ್ಟು ಪೆರೋಲ್ ಅರ್ಜಿಗೆ ಒಪ್ಪಿಗೆ, ಸರದಿಯ ಕೊನೆಗೆ ಹೆಚ್ಚುಕಡಿಮೆ ಸೊನ್ನೆ.

ಸುಮಂಗಲಾ, ರಾಯಚೂರು

2011ರದ್ದು ಅದು. ವಕೀಲರಿಲ್ಲದ ಕೈದಿಗಳ ಅರ್ಜಿ ಸರದಿಯ ಕೊನೆಗೆ ಬರುತ್ತಿತ್ತು ಎಂಬ ತಕರಾರು ಆಮೇಲೆ ಎದ್ದಿತು. ಹಾಗಿದ್ದರೆ ಸೊನ್ನೆಗೆ ದಣಿವೊಂದೇ ಕಾರಣವಲ್ಲ. ಪದ ಇರಲಿ, ಅಂಕಿ ಕೈಪಿಡಿಗೆ ಬೇಡ.

ವೀಣಾ, ಸಿಂಧನೂರು

‘ಆಯ್ಕೆಗಳ ಹೊರೆ’ ಒಪ್ಪಿದೆ. ‘ಹೊರೆ’ ಬದಲು ನಮ್ಮ ಕಡೆಯ ‘ವಜ್ಜೆ’ ಹಾಕಲು ಮನಸ್ಸಿದೆ, ಮೈಸೂರು ಕಡೆಯವರಿಗೆ ತಿಳಿಯುತ್ತದೋ ಇಲ್ಲವೋ. ಬಿಟ್ಟದ್ದರ ಕೊರಗಿಗೆ ‘ಹಳಹಳಿ’ ಬರೆದಿದ್ದೇನೆ.

ಮೆಹಬೂಬ್, ಬಳ್ಳಾರಿ

ಹಂಗಾದ್ರ ನಾನೂ ಪ್ಯಾಂಟ್ ಇಳಿಸೋಕೆ ಮುಂಚೆ ಸೊಂಟದ ಅಳತೆ, ಬಣ್ಣ ಕೇಳಬೇಕು. ಬೋರ್ಡಿನ ಮಾತು ಯಾರೂ ಹೇಳಲಿಲ್ಲ.